ಭಾನುವಾರದ ಓಟಕ್ಕೆ ಮಂಗಳವಾರವೇ ತಯಾರಾಗಿ

ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿತು ಅಂದ್ರೆ ನಮ್ಮ ಕಡೆ ಟೆನಿಸ್ ಬಾಲ್ ಟೂರ್ನಿಗಳು ಶುರು. ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲೇ ಹೋಗಿ, ಭಾನುವಾರ ಒಂದಲ್ಲ ಒಂದು ಗದ್ದೆಯಲ್ಲಿ ಆಟ ಇರುತ್ತದೆ. ಸೋಮವಾರ ತೊಡೆಯ ಹಿಂಭಾಗ ಹಿಡಿದುಕೊಂಡು ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬರುವವರೂ ಇರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: "ಸ್ಟ್ರೆಚ್ ಮಾಡಿಕೊಂಡೇ ಇಳಿದಿದ್ದೆ ಡಾಕ್ಟ್ರೇ, ಆದ್ರೂ ಹೀಗಾಯ್ತು."

ಅವರು ಹೇಳುವುದು ನಿಜ. ಬಗ್ಗಿ ಕಾಲ್ಬೆರಳು ಮುಟ್ಟಿ ಅರ್ಧ ನಿಮಿಷ ಎಳೆದು ಹಿಡಿಯುವುದು ಹ್ಯಾಮ್‌ಸ್ಟ್ರಿಂಗ್ ಅನ್ನು ಕಾಯುವುದಿಲ್ಲ. ಯಾಕೆ ಅಂತ ತಿಳಿಯಲು ಈ ಸ್ನಾಯು ಯಾವ ಕ್ಷಣದಲ್ಲಿ ಹರಿಯುತ್ತದೆ ಅಂತ ನೋಡಬೇಕು.

ಹ್ಯಾಮ್‌ಸ್ಟ್ರಿಂಗ್ ಅಂದರೆ ತೊಡೆಯ ಹಿಂದೆ ಇರುವ ಮೂರು ಸ್ನಾಯುಗಳ ಗುಂಪು. ಕುಂಡೆಯ ಮೂಳೆಯಿಂದ ಹೊರಟು ಮಂಡಿ ದಾಟಿ ಕೆಳಗೆ ಅಂಟಿಕೊಳ್ಳುತ್ತವೆ. ಜೋರಾಗಿ ಓಡುವಾಗ ಕಾಲು ಮುಂದಕ್ಕೆ ಬೀಸಿ, ಪಾದ ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ, ಮುಂದೆ ಹಾರುತ್ತಿರುವ ಆ ಕಾಲನ್ನು ಹಿಡಿದು ನಿಲ್ಲಿಸುವುದು ಇವೇ. ಆಗ ಸ್ನಾಯು ಪೂರ್ತಿ ಉದ್ದಕ್ಕೆ ಎಳೆದುಕೊಂಡಿರುತ್ತದೆ, ಅದೇ ಹೊತ್ತಿಗೆ ಪೂರ್ತಿ ಬಲವನ್ನೂ ಹಾಕುತ್ತಿರುತ್ತದೆ. ಓಟದಲ್ಲಿ ಹರಿಯುವುದು ಹೆಚ್ಚಾಗಿ ಈ ಕ್ಷಣದಲ್ಲೇ, ಅದೂ ಹೊರಬದಿಯ ಸ್ನಾಯು. ಹಾಗಾಗಿ ಸ್ನಾಯು ಎಷ್ಟು ಉದ್ದ ಎಳೆಯುತ್ತದೆ ಅನ್ನುವುದಷ್ಟೇ ಸಾಲದು, ಎಳೆದುಕೊಂಡಿರುವಾಗ ಎಷ್ಟು ಭಾರ ತಡೆಯುತ್ತದೆ ಅನ್ನುವುದು ಮುಖ್ಯ. ಆ ತಾಕತ್ತು ಟಾಸ್‌ಗೆ ಮುಂಚಿನ ಐದು ನಿಮಿಷದಲ್ಲಿ ಬರುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ 36 ವರ್ಷದವರು, ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ವಾರವಿಡೀ ಕೌಂಟರ್ ಹಿಂದೆ, ಓಟ ಅಂದರೆ ಭಾನುವಾರ ಮಾತ್ರ. ಹಿಂದಿನ ವರ್ಷ ಎಡತೊಡೆ ಒಮ್ಮೆ ಹಿಡಿದುಕೊಂಡಿತ್ತು, ಎರಡು ವಾರಕ್ಕೆ ನೋವು ಹೋಯಿತು, ಮತ್ತೆ ಆಡಲು ಇಳಿದರು. ಈ ಸಲ ಬೆಳಿಗ್ಗೆ ಒಂದು ಮ್ಯಾಚ್ ಆಡಿದ್ದಾರೆ, ಆಮೇಲೆ ಊಟ, ಒಂದೂವರೆ ಗಂಟೆ ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ. ಎರಡನೇ ಮ್ಯಾಚಿನ ಮೊದಲ ಓವರ್‌ನಲ್ಲೇ ಬೌಂಡರಿ ಕಡೆ ಚೆಂಡಿನ ಹಿಂದೆ ಪೂರ್ತಿ ಸ್ಪೀಡಲ್ಲಿ ಓಡಿದರು. ಗದ್ದೆಯ ಹಳೇ ಅಂಚು ಕಡಿದು ಸಮ ಮಾಡಿದ ಜಾಗ ಅದು, ಪಕ್ಕದಲ್ಲೇ ಒಂದು ತಗ್ಗು. ಎಡಗಾಲು ಅಂದುಕೊಂಡಿದ್ದಕ್ಕಿಂತ ಕೆಳಗೆ ಇಳಿಯಿತು, ಮೈ ಮುಂದಕ್ಕೆ ಬಾಗಿತು, ತೊಡೆ ಹಿಂದೆ ಚಾಕು ಹಾಕಿದ ಹಾಗಾಯಿತು.

ತಗ್ಗಿನದೂ ತಪ್ಪಿದೆ. ನೆಲ ತಪ್ಪಿದಾಗ ಸೊಂಟದಿಂದ ಮುಂದೆ ಬಾಗುತ್ತೇವೆ, ಮಂಡಿ ನೆಟ್ಟಗಿರುತ್ತದೆ, ಆಗಲೇ ಎಳೆದುಕೊಂಡಿರುವ ಸ್ನಾಯು ಮೇಲಿಂದ ಇನ್ನೊಂದಿಷ್ಟು ಎಳೆಯುತ್ತದೆ. ಆದರೆ ಅದೇ ತಗ್ಗಿನಲ್ಲಿ ಕಾಲಿಟ್ಟ ಬೇರೆಯವರಿಗೆ ಏನೂ ಆಗಿರಲಿಲ್ಲ. ಮೂರು ವಾರದ ನಂತರ, ನಡೆಯುವಾಗ ನೋವು ಪೂರ್ತಿ ಹೋದ ಮೇಲೆ, ಒಂದು ಸರಳ ಪರೀಕ್ಷೆ ಮಾಡಿಸಿದೆ. ನೆಲದ ಮೇಲೆ ಅಂಗಾತ ಮಲಗಿ, ಒಂದು ಹಿಮ್ಮಡಿಯನ್ನು ಕುರ್ಚಿ ಎತ್ತರದ ಸ್ಟೂಲ್ ಮೇಲಿಟ್ಟು, ಮಂಡಿ ಸ್ವಲ್ಪ ಮಡಿಸಿ, ಆ ಒಂದೇ ಕಾಲಿನ ಬಲದಲ್ಲಿ ಸೊಂಟ ಎತ್ತಿ ಇಳಿಸಬೇಕು. 20ಕ್ಕಿಂತ ಕಡಿಮೆ ಆದರೆ ದುರ್ಬಲ, 30 ದಾಟಿದರೆ ಚೆನ್ನಾಗಿದೆ ಅಂತ ಲೆಕ್ಕ. ಇವರ ಬಲಗಾಲು 24, ಎಡಗಾಲು 11. ನೋವು ಇಲ್ಲ, ಆದರೆ ಬಲ ಅರ್ಧಕ್ಕಿಂತ ಕಮ್ಮಿ. ಹೋದ ವರ್ಷವೂ ಹೀಗೇ ಇಳಿದಿದ್ದಿರಬೇಕು. ಒಮ್ಮೆ ಆದವರಿಗೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ, ಅದಕ್ಕೇ ನೋವು ಹೋದದ್ದನ್ನೇ ಗುಣವಾದದ್ದು ಅಂತ ತಿಳಿಯಬೇಡಿ.

ಹಾಗಾದ್ರೆ ಏನು ಮಾಡಬೇಕು? ನಾನು ವಾರದ ಆಟಗಾರರಿಗೆ ಎರಡೇ ಕೆಲಸ ಹೇಳುತ್ತೇನೆ.

ಮೊದಲನೆಯದು ನಾರ್ಡಿಕ್ ಅನ್ನುವ ವ್ಯಾಯಾಮ. ಮಡಿಸಿದ ಕಂಬಳಿಯ ಮೇಲೆ ಮಂಡಿಯೂರಿ, ಹಿಂದಿನಿಂದ ಯಾರಾದರೂ ಎರಡೂ ಕಣಕಾಲು ಗಟ್ಟಿಯಾಗಿ ಒತ್ತಿ ಹಿಡಿಯಲಿ. ಮಂಡಿಯಿಂದ ಭುಜದವರೆಗೆ ಮೈ ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ವಾಲಬೇಕು. ಎಷ್ಟು ಹೊತ್ತು ತಡೆಯಲು ಆಗುತ್ತೋ ಅಷ್ಟು ಹೊತ್ತು ತಡೆದು, ಕೊನೆಗೆ ಕೈ ಊರಿ, ಕೈಯಿಂದಲೇ ತಳ್ಳಿ ವಾಪಸ್ ಬನ್ನಿ. ಕೆಲಸ ಇರುವುದು ಇಳಿಯುವಾಗ, ಏಳುವಾಗ ಅಲ್ಲ. ಎಲ್ಲರೂ ಮಾಡುವ ತಪ್ಪು ಅಂದರೆ ಸೊಂಟ ಮಡಿಸಿ ಕುಂಡೆಯನ್ನು ಹಿಂದೆ ಬಿಡುವುದು. ಆಗ ಭಾರ ಹ್ಯಾಮ್‌ಸ್ಟ್ರಿಂಗ್ ಮೇಲೆ ಬೀಳುವುದೇ ಇಲ್ಲ. ಪಕ್ಕದಿಂದ ಒಬ್ಬರು ಮೊಬೈಲಲ್ಲಿ ವಿಡಿಯೋ ಮಾಡಿದರೆ ತಕ್ಷಣ ಗೊತ್ತಾಗುತ್ತದೆ. ಮೊದಲ ವಾರ ಒಂದೇ ದಿನ, 5ರಂತೆ 2 ಸುತ್ತು, ಸಾಕು. ಎರಡನೇ ವಾರದಿಂದ ಎರಡು ದಿನ, 6ರಂತೆ 2 ಸುತ್ತು. ನಾಲ್ಕನೇ ವಾರದ ಹೊತ್ತಿಗೆ 8ರಂತೆ 3 ಸುತ್ತು. ಹೀಗೆ ಹತ್ತು ವಾರ, ಆಮೇಲೆ ವಾರಕ್ಕೊಮ್ಮೆ ಉಳಿಸಿಕೊಂಡರೆ ಆಯಿತು. ಈ ವ್ಯಾಯಾಮ ಸೇರಿಸಿಕೊಂಡ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿತ್ತು ಅಂತ 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡಿತು. ನಾಲ್ಕು ದಿನ ಮಾಡಿ ಬಿಟ್ಟವರಿಗೆ ಈ ಲಾಭ ಇಲ್ಲ.

ಮೊದಮೊದಲು ಎರಡನೇ ದಿನ ತೊಡೆ ಚೆನ್ನಾಗಿ ನೋಯುತ್ತದೆ, ಹೆದರಬೇಡಿ. ಆದರೆ ಇದೇ ಕಾರಣಕ್ಕೆ ಶುಕ್ರವಾರ ಶುರು ಮಾಡಬೇಡಿ. ಮಂಗಳವಾರ ಮಾಡಿದರೆ ಭಾನುವಾರಕ್ಕೆ ಕಾಲು ಹಗುರಾಗಿರುತ್ತದೆ.

ಎರಡನೆಯದು, ವಾರದ ಮಧ್ಯೆ ಒಂದು ದಿನ ಜೋರಾಗಿ ಓಡುವುದು. ಇದನ್ನು ಯಾರೂ ಮಾಡುವುದಿಲ್ಲ. ವಾಕಿಂಗ್, ನಿಧಾನ ಜಾಗಿಂಗ್‌ನಲ್ಲಿ ಆ ಸ್ನಾಯು ಪೂರ್ತಿ ಕೆಲಸಕ್ಕೇ ಬರುವುದಿಲ್ಲ, ಅದು ಪೂರ್ತಿ ವೇಗ ನೋಡುವುದು ಭಾನುವಾರ ಚೆಂಡಿನ ಹಿಂದೆ ಓಡುವಾಗ ಮಾತ್ರ! ಗುರುವಾರ ಸಂಜೆ ಶಿವಮೊಗ್ಗದವರು ನೆಹರೂ ಸ್ಟೇಡಿಯಂಗೆ ಹೋಗಿ, ಊರಿನವರು ಸಮತಟ್ಟಾದ ಶಾಲೆ ಮೈದಾನಕ್ಕೆ ಹೋಗಿ. ಹತ್ತು ನಿಮಿಷ ಮೈ ಬಿಸಿ ಮಾಡಿ, 40 ಮೀಟರ್ ಓಟ 4 ಸಲ, ಪ್ರತಿ ಸಲ ನಡೆದುಕೊಂಡೇ ವಾಪಸ್. ಮೊದಲ ವಾರ ನಿಮ್ಮ ಪೂರ್ತಿ ವೇಗದ ಮುಕ್ಕಾಲಿಗಿಂತ ಕಮ್ಮಿ ಇರಲಿ. ವಾರ ವಾರಕ್ಕೂ ಸ್ವಲ್ಪ ಏರಿಸಿ, ಐದಾರು ವಾರಕ್ಕೆ ಹೆಚ್ಚುಕಮ್ಮಿ ಪೂರ್ತಿ ವೇಗಕ್ಕೆ ಬನ್ನಿ.

ಇನ್ನು ಆಟದ ದಿನ. ನಿಂತಲ್ಲೇ ಎಳೆದು ಹಿಡಿಯುವ ಸ್ಟ್ರೆಚ್ ಬದಲು ಜಾಗಿಂಗ್, ಅಡ್ಡ ಹೆಜ್ಜೆ, ಕಾಲು ಹಿಂದೆ ಮುಂದೆ ಬೀಸುವುದು, ಕೊನೆಗೆ ವೇಗ ಏರಿಸುತ್ತಾ ಮೂರು ನಾಲ್ಕು ಓಟ. ಎರಡು ಮ್ಯಾಚ್ ನಡುವೆ ಕೂತಿದ್ದರೆ ಇದನ್ನೇ ಐದು ನಿಮಿಷ ಮತ್ತೆ ಮಾಡಿ, ಬೆಳಗಿನ ಬಿಸಿ ಮಧ್ಯಾಹ್ನಕ್ಕೆ ಇರುವುದಿಲ್ಲ. ಹಾಗೇ ಇಡೀ ತಂಡ ಒಮ್ಮೆ ಮೈದಾನ ಸುತ್ತಿ ಬನ್ನಿ. ತಗ್ಗಿಗೆ ಮಣ್ಣು ಹಾಕಿ ತುಳಿಯಿರಿ, ಕೂಳೆ ಕಿತ್ತು ಹಾಕಿ. ಬೌಲರ್ ಓಡಿ ಬರುವ ದಾರಿ, ಪಿಚ್ಚಿನ ಎರಡೂ ಬದಿ, ಬೌಂಡರಿ ಗೆರೆಯ ಒಳಗಿನ ಜಾಗ ಇವಿಷ್ಟು ಮೊದಲು. ತುಂಬಲಾಗದ ಜಾಗಕ್ಕೆ ಒಂದು ಬಾವುಟ ನೆಟ್ಟು, ಅಲ್ಲಿಗೆ ಹೋದ ಚೆಂಡು ಇಷ್ಟೇ ರನ್ ಅಂತ ಇಬ್ಬರು ಕ್ಯಾಪ್ಟನ್‌ಗಳೂ ಮೊದಲೇ ಒಪ್ಪಿಕೊಳ್ಳಿ.

ಅಷ್ಟಾದರೂ ತೊಡೆ ಹಿಡಿದುಕೊಂಡರೆ ಅಲ್ಲಿಗೇ ಆಟ ನಿಲ್ಲಿಸಿ, "ಇನ್ನೊಂದೇ ಓವರ್" ಬೇಡ. ಮೊದಲ ಎರಡು ಮೂರು ದಿನ ಬಿಸಿ ಎಣ್ಣೆ ಹಾಕಿ ಉಜ್ಜಿಸಬೇಡಿ, ಒಳಗೆ ರಕ್ತ ಸೋರುತ್ತಿರುವಾಗ ಉಜ್ಜಿದರೆ ಇನ್ನೂ ಜಾಸ್ತಿಯಾಗುತ್ತದೆ. ಬಟ್ಟೆ ಸುತ್ತಿದ ಐಸ್, ಬಿಗಿಯಾದ ಬ್ಯಾಂಡೇಜ್ ಸಾಕು. ಟಪ್ ಅಂತ ಸದ್ದಾಗಿ ಕುಂಡೆಯ ಬುಡದಲ್ಲೇ ನೋವಿದ್ದರೆ, ಕೂರಲು ಆಗದಿದ್ದರೆ, ತೊಡೆ ಹಿಂದೆ ದೊಡ್ಡದಾಗಿ ಕಪ್ಪುಗಟ್ಟಿದರೆ ಸ್ನಾಯು ಮೂಳೆಯಿಂದಲೇ ಕಿತ್ತು ಬಂದಿರಬಹುದು. ಅದಕ್ಕೆ ನನ್ನ ಹತ್ತಿರ ಬರಬೇಡಿ, ಅದೇ ವಾರ ಮೂಳೆ ಡಾಕ್ಟರ್‌ಗೆ ತೋರಿಸಿ ಸ್ಕ್ಯಾನ್ ಮಾಡಿಸಿ.

ಅಂಗಡಿಯವರಿಗೆ ನಾನು ಇಟ್ಟ ಷರತ್ತು ಇಷ್ಟು: ಸ್ಟೂಲ್ ಪರೀಕ್ಷೆಯಲ್ಲಿ ಎರಡೂ ಕಾಲು ಹತ್ತಿರ ಹತ್ತಿರ ಬರಬೇಕು, ಮತ್ತು ಪೂರ್ತಿ ವೇಗದ ನಾಲ್ಕು ಓಟ, ಎರಡು ಬೇರೆ ಬೇರೆ ದಿನ, ಮನಸ್ಸಿನಲ್ಲಿ ಅಳುಕಿಲ್ಲದೆ ಆಗಬೇಕು. ಎಡಗಾಲು 22ಕ್ಕೆ ಬರಲು ಅವರಿಗೆ ಒಂಬತ್ತು ವಾರ ಹಿಡಿಯಿತು, ಆ ಸೀಸನ್ನಿನ ಉಳಿದ ಟೂರ್ನಿಗಳಿಗೆ ಅವರು ಸ್ಕೋರರ್ ಆಗಿ ಕೂತರು.