ಎಣಿಸಿದಾಗ 762, ಲೆಕ್ಕದಲ್ಲಿ 703.7

ಅಮೆರಿಕದಲ್ಲಿ 1972ರಿಂದ ‘ಜನರಲ್ ಸೋಷಿಯಲ್ ಸರ್ವೆ’ ಎಂಬ ದೊಡ್ಡ ಸಮೀಕ್ಷೆಯೊಂದು ನಡೆಯುತ್ತ ಬಂದಿದೆ. ಷಿಕಾಗೋ ವಿಶ್ವವಿದ್ಯಾಲಯದ ಎನ್‌ಒಆರ್‌ಸಿ ಎಂಬ ಸಂಸ್ಥೆ ಅದನ್ನು ನಡೆಸುತ್ತದೆ. ದೇವರು, ದುಡ್ಡು, ಮದುವೆ, ರಾಜಕೀಯ, ಎಲ್ಲದರ ಬಗ್ಗೆಯೂ ಅದರಲ್ಲಿ ಪ್ರಶ್ನೆಗಳಿರುತ್ತವೆ. 2000ದ ಸಮೀಕ್ಷೆಯಿಂದ ಎರಡೇ ಸಂಗತಿ ತೆಗೆದುಕೊಳ್ಳೋಣ: ಉತ್ತರಿಸಿದವರು ಹೆಣ್ಣೋ ಗಂಡೋ, ಮತ್ತು ತಾವು ಯಾವ ಪಕ್ಷದವರೆಂದು ಹೇಳಿಕೊಂಡರು. ಎರಡನ್ನೂ ಅಡ್ಡ-ಉದ್ದ ಇಟ್ಟರೆ ಆರು ಮನೆಗಳ ಪಟ್ಟಿ ಸಿಗುತ್ತದೆ.

| | ಡೆಮಾಕ್ರಟ್ | ಸ್ವತಂತ್ರ | ರಿಪಬ್ಲಿಕನ್ | ಒಟ್ಟು |
|---|---|---|---|---|
| ಹೆಣ್ಣು | 762 | 327 | 468 | 1557 |
| ಗಂಡು | 484 | 239 | 477 | 1200 |
| ಒಟ್ಟು | 1246 | 566 | 945 | 2757 |

ಪಟ್ಟಿ ನೋಡಿದ ತಕ್ಷಣ ಯಾರಿಗಾದರೂ ಅನ್ನಿಸುವುದು, ಡೆಮಾಕ್ರಟ್ ಎಂದವರಲ್ಲಿ ಹೆಂಗಸರೇ ಜಾಸ್ತಿ ಎಂದು. ಆದರೆ ಸಮೀಕ್ಷೆಗೆ ಸಿಕ್ಕವರಲ್ಲೇ ಹೆಂಗಸರು ಜಾಸ್ತಿ. ಹಾಗಾಗಿ 762 ಎಂಬುದು ಹೆಚ್ಚೋ ಕಡಿಮೆಯೋ ಎಂದು ಕೇಳುವ ಮೊದಲು, ಯಾವುದಕ್ಕಿಂತ ಹೆಚ್ಚು ಎಂಬುದು ಗೊತ್ತಾಗಬೇಕು. ಇಂಥ ಎರಡು ಸಂಗತಿಗಳ ನಡುವೆ ಸಂಬಂಧ ಇದೆಯೇ ಎಂದು ನೋಡುವ ಕೈ-ವರ್ಗ ಪರೀಕ್ಷೆ ಹುಟ್ಟಿದ್ದೇ ಈ ‘ಯಾವುದಕ್ಕಿಂತ’ ಎಂಬ ಪ್ರಶ್ನೆಯಿಂದ. (ಇಲ್ಲಿನ ಕೈ ಒಂದು ಗ್ರೀಕ್ ಅಕ್ಷರ, χ. ಪಕ್ಷಗಳ ಲೆಕ್ಕದಲ್ಲಿ ಕೈ ಎಂದ ಕೂಡಲೇ ನಮ್ಮವರ ಮನಸ್ಸು ಬೇರೆಲ್ಲೋ ಹೋಗುತ್ತದೆ, ಅದಕ್ಕೇ ಹೇಳಿದೆ.)

ಹೆಣ್ಣು-ಗಂಡು ಎಂಬುದಕ್ಕೂ ಪಕ್ಷಕ್ಕೂ ಸಂಬಂಧವೇ ಇಲ್ಲ ಎಂದು ಒಂದು ಗಳಿಗೆ ಒಪ್ಪಿಕೊಳ್ಳಿ. ಆಗ ಈ ಪಟ್ಟಿ ಹೇಗಿರುತ್ತಿತ್ತು? 2757 ಜನರಲ್ಲಿ 1246 ಜನ ಡೆಮಾಕ್ರಟ್, ಅಂದರೆ ನೂರಕ್ಕೆ 45.2. ಸಂಬಂಧ ಇಲ್ಲವೆಂದಾದರೆ ಹೆಂಗಸರಲ್ಲೂ ನೂರಕ್ಕೆ 45.2, ಗಂಡಸರಲ್ಲೂ ನೂರಕ್ಕೆ 45.2 ಇರಬೇಕು. 1557 ಹೆಂಗಸರಿಗೆ ಆ ಪಾಲು ಹಾಕಿದರೆ 703.7 ಬರುತ್ತದೆ. ಶೇಕಡಾದ ಸುತ್ತು ಬೇಡವೆಂದರೆ ಅಡ್ಡಸಾಲಿನ ಒಟ್ಟನ್ನು ಕಂಬಸಾಲಿನ ಒಟ್ಟಿನಿಂದ ಗುಣಿಸಿ, ಎಲ್ಲರ ಒಟ್ಟಿನಿಂದ ಭಾಗಿಸಿ:

1557 × 1246 ÷ 2757 = 703.7

ಇದಕ್ಕೆ ನಿರೀಕ್ಷಿತ ಎಣಿಕೆ ಎಂದು ಹೆಸರು. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಇದನ್ನು ಯಾರೂ ನಿರೀಕ್ಷಿಸಿ ಕೂತಿರುವುದಿಲ್ಲ. ಸಮೀಕ್ಷೆ ಮಾಡಿದವರು ವ್ಯತ್ಯಾಸ ಕಾಣುತ್ತದೆ ಎಂದೇ ನಂಬಿರಬಹುದು. ಸಂಬಂಧವಿಲ್ಲದ ಕಾಲ್ಪನಿಕ ಲೋಕವೊಂದರಲ್ಲಿ ಆ ಮನೆಗೆ ಬೀಳಬೇಕಾದ ಸರಾಸರಿ ಅದು, ಅಷ್ಟೆ. ಸರಾಸರಿಯಾದ್ದರಿಂದಲೇ ಅದರಲ್ಲಿ ದಶಮಾಂಶ ಇರುವುದು. ‘ಮುಕ್ಕಾಲು ಮನುಷ್ಯ ಎಲ್ಲಿಂದ ಬಂದ?’ ಎಂದು ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಕೇಳಿ ನಕ್ಕು, ಆಮೇಲೆ 704 ಎಂದು ಬರೆದುಬಿಡುತ್ತಾರೆ. ಹಾಗೆ ದುಂಡು ಮಾಡಬಾರದು. ದಶಮಾಂಶ ಕಳೆದರೆ ಸಾಲಿನ ಒಟ್ಟು ಕೂಡಿಬರುವುದಿಲ್ಲ.

ಇದೇ ರೀತಿ ಉಳಿದ ಮನೆಗಳನ್ನೂ ತುಂಬಿದರೆ ಹೀಗಾಗುತ್ತದೆ:

| ನಿರೀಕ್ಷಿತ | ಡೆಮಾಕ್ರಟ್ | ಸ್ವತಂತ್ರ | ರಿಪಬ್ಲಿಕನ್ |
|---|---|---|---|
| ಹೆಣ್ಣು | 703.7 | 319.6 | 533.7 |
| ಗಂಡು | 542.3 | 246.4 | 411.3 |

ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಕಳೆಯಿರಿ. ಹೆಂಗಸರ ಸಾಲಿನಲ್ಲಿ ಡೆಮಾಕ್ರಟ್ 58.3 ಹೆಚ್ಚು, ಸ್ವತಂತ್ರ 7.4 ಹೆಚ್ಚು, ರಿಪಬ್ಲಿಕನ್ 65.7 ಕಡಿಮೆ. ಗಂಡಸರ ಸಾಲಿನಲ್ಲಿ ಅವೇ ಅಂಕಿಗಳು ತಿರುವುಮುರುವಾಗಿ ಬರುತ್ತವೆ. ಎಲ್ಲವನ್ನೂ ಕೂಡಿದರೆ ಸೊನ್ನೆ. ಅದಕ್ಕೇ ವ್ಯತ್ಯಾಸಗಳನ್ನು ವರ್ಗ ಮಾಡುವುದು. ವರ್ಗ ಮಾಡಿದ ಮೇಲೆ ಹೆಚ್ಚು-ಕಡಿಮೆ ಒಂದನ್ನೊಂದು ನುಂಗಿಹಾಕುವುದಿಲ್ಲ.

ಆದರೆ ವರ್ಗವನ್ನು ಮತ್ತೆ ನಿರೀಕ್ಷಿತ ಎಣಿಕೆಯಿಂದಲೇ ಭಾಗಿಸಬೇಕು ಎನ್ನುತ್ತಾರಲ್ಲ, ಅದು ಯಾಕೆ? ಪಠ್ಯಪುಸ್ತಕಗಳು ಇಲ್ಲಿ ಅವಸರದಿಂದ ಮುಂದೆ ಹೋಗುತ್ತವೆ. ಯಾವ ಎಣಿಕೆಯೂ ಆಕಸ್ಮಿಕವಾಗಿ ಸ್ವಲ್ಪ ಆಚೀಚೆ ಆಗುತ್ತದೆ. ಎಷ್ಟು ಆಚೀಚೆ ಎಂದರೆ, ಹೆಚ್ಚುಕಡಿಮೆ ಅದರ ವರ್ಗಮೂಲದಷ್ಟು. ಸರಾಸರಿ 100 ಬರಬೇಕಾದ ಕಡೆ 90 ಅಥವಾ 110 ಬಂದರೆ ಮಾಮೂಲು. ಸರಾಸರಿ 10,000 ಬರಬೇಕಾದ ಕಡೆ 100 ಆಚೀಚೆಯಾದರೂ ಮಾಮೂಲು. ಸರಾಸರಿ 4 ಬರಬೇಕಾದ ಮನೆಯಲ್ಲಿ 14 ಬಂದರೆ ಮಾತ್ರ ಹುಬ್ಬೇರಿಸಬೇಕು. ವ್ಯತ್ಯಾಸದ ವರ್ಗವನ್ನು ನಿರೀಕ್ಷಿತ ಎಣಿಕೆಯಿಂದ ಭಾಗಿಸಿದಾಗ ಪ್ರತಿ ಮನೆಯ ವ್ಯತ್ಯಾಸವನ್ನೂ ಆ ಮನೆಯ ಸಹಜ ಅಲುಗಾಟದ ಅಳತೆಯಲ್ಲಿ ನೋಡಿದಂತಾಗುತ್ತದೆ.

ಮೊದಲ ಮನೆಗೆ 58.3ರ ವರ್ಗ ಭಾಗಿಸು 703.7, ಅಂದರೆ 4.8. ಹೆಂಗಸರ ಸಾಲಿನ ಉಳಿದ ಎರಡಕ್ಕೆ 0.2 ಮತ್ತು 8.1. ಗಂಡಸರ ಸಾಲಿಗೆ 6.3, 0.2, 10.5. ಎಲ್ಲ ಕೂಡಿದರೆ 30.1. ಇದೇ ಕೈ-ವರ್ಗದ ಬೆಲೆ. ಇಷ್ಟು ಮಾಡುವಾಗ ಗಮನಿಸಿ: ಸ್ವತಂತ್ರರ ಎರಡು ಮನೆಗಳಿಂದ ಬಂದದ್ದು ಬರೀ 0.4. ಸದ್ದೆಲ್ಲ ಎರಡು ದೊಡ್ಡ ಪಕ್ಷಗಳ ಮನೆಗಳದ್ದು, ಅದರಲ್ಲೂ ರಿಪಬ್ಲಿಕನ್ ಗಂಡಸರ ಮನೆಯದ್ದು. ಕೊನೆಯ ಮೊತ್ತವನ್ನಷ್ಟೇ ವರದಿ ಮಾಡುವವರು ಈ ಮಾಹಿತಿಯನ್ನು ಎಸೆದುಬಿಡುತ್ತಾರೆ. ನನ್ನ ಮಟ್ಟಿಗೆ ಮೊತ್ತಕ್ಕಿಂತ ಈ ಆರು ತುಣುಕುಗಳೇ ಹೆಚ್ಚು ಮಾತಾಡುತ್ತವೆ.

ಸರಿ, 30.1 ದೊಡ್ಡದೋ ಸಣ್ಣದೋ? ಇಲ್ಲೊಂದು ಹಳೆಯ ಜಗಳದ ಕತೆಯಿದೆ.

ಈ ಪರೀಕ್ಷೆಯನ್ನು 1900ರಲ್ಲಿ ಕೊಟ್ಟವರು ಲಂಡನ್ನಿನ ಕಾರ್ಲ್ ಪಿಯರ್ಸನ್. ಮನೆಗಳು ಹೆಚ್ಚಿದಷ್ಟೂ ಆಕಸ್ಮಿಕವಾಗಿಯೇ ಮೊತ್ತ ಬೆಳೆಯುತ್ತದೆ, ಆದ್ದರಿಂದ ಎಷ್ಟು ಮನೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಅವರಿಗೆ ಗೊತ್ತಿತ್ತು. ಆರು ಮನೆಯಿದ್ದರೆ, ಒಟ್ಟು ಸಂಖ್ಯೆ ಮೊದಲೇ ಗೊತ್ತಿರುವುದರಿಂದ, ಸ್ವತಂತ್ರವಾಗಿ ಅಲುಗಾಡಬಲ್ಲವು ಐದು ಎಂದರು. ನಾಲ್ಕು ಮನೆಯಿದ್ದರೆ ಮೂರು. 1922ರಲ್ಲಿ ರೊನಾಲ್ಡ್ ಫಿಷರ್ ಇದು ತಪ್ಪು ಎಂದು ಬರೆದರು. ಅವರ ವಾದವನ್ನು ಪೆನ್ಸಿಲ್ ಹಿಡಿದು ನೀವೇ ಪರೀಕ್ಷಿಸಬಹುದು. ಮೇಲಿನ ಪಟ್ಟಿಯ ಒಟ್ಟುಗಳನ್ನು ಬಿಟ್ಟು ಆರೂ ಮನೆಗಳನ್ನು ಅಳಿಸಿ. ಹೆಂಗಸರ ಸಾಲಿನಲ್ಲಿ ಎರಡು ಮನೆ ತುಂಬಿದ ಕೂಡಲೇ ಮೂರನೆಯದು ತಾನಾಗಿ ಬರುತ್ತದೆ, ಅದರ ಬೆನ್ನಿಗೆ ಗಂಡಸರ ಸಾಲು ಪೂರ್ತಿ ಬರುತ್ತದೆ. ನಾವು ನಿರೀಕ್ಷಿತ ಎಣಿಕೆಗಳನ್ನು ತೆಗೆದದ್ದೇ ಅಂಚಿನ ಒಟ್ಟುಗಳಿಂದ. ಹಾಗಿದ್ದ ಮೇಲೆ ನಿಜವಾಗಿ ಸ್ವತಂತ್ರವಾಗಿರುವುದು ಎರಡೇ ಮನೆ. ಸೂತ್ರವಾಗಿ ಹೇಳುವುದಾದರೆ, ಅಡ್ಡಸಾಲುಗಳಲ್ಲಿ ಒಂದು ಕಡಿಮೆ, ಕಂಬಸಾಲುಗಳಲ್ಲಿ ಒಂದು ಕಡಿಮೆ, ಎರಡರ ಗುಣಲಬ್ಧ. ನಾಲ್ಕು ಮನೆಯ ಪಟ್ಟಿಗೆ ಸಿಗುವುದು ಒಂದೇ ಒಂದು.

ಪಿಯರ್ಸನ್ ಒಪ್ಪಲಿಲ್ಲ. 1926ರಲ್ಲಿ ಫಿಷರ್ ಬೇರೆ ದಾರಿ ಹಿಡಿದರು. ಸಂಬಂಧವಿಲ್ಲದೆ ಆಕಸ್ಮಿಕವಾಗಿ ತುಂಬಿದ ನಾಲ್ಕು ಮನೆಗಳ ಪಟ್ಟಿಗಳು ಸುಮಾರು 12,000 ಸಿದ್ಧವಿದ್ದವು. ಪಿಯರ್ಸನ್ ಹೇಳಿದ್ದು ಸರಿಯಾಗಿದ್ದರೆ ಆ ಪಟ್ಟಿಗಳ ಕೈ-ವರ್ಗದ ಸರಾಸರಿ 3ರ ಹತ್ತಿರ ಬರಬೇಕಿತ್ತು, ಫಿಷರ್ ಹೇಳಿದ್ದು ಸರಿಯಾಗಿದ್ದರೆ 1ರ ಹತ್ತಿರ. ಬಂದದ್ದು 1, ಕೂದಲೆಳೆಯಷ್ಟೂ ಆಚೀಚೆ ಇಲ್ಲದಂತೆ. ಆ ಪಟ್ಟಿಗಳನ್ನು ತಯಾರಿಸಿದ್ದವರು ಎಗಾನ್ ಪಿಯರ್ಸನ್, ಕಾರ್ಲ್ ಪಿಯರ್ಸನ್ನರ ಸ್ವಂತ ಮಗ.

ಇದು ಪಂಡಿತರ ಹಟವಷ್ಟೇ ಆಗಿರಲಿಲ್ಲ. ಆಕಸ್ಮಿಕವಾಗಿ ನೂರಕ್ಕೆ ಐದು ಸಲ ಮಾತ್ರ ದಾಟುವ ಗಡಿಯನ್ನು ನೋಡಿದರೆ, ಸ್ವತಂತ್ರವಾಗಿ ಅಲುಗಾಡಬಲ್ಲ ಮನೆಗಳು ಮೂರಿದ್ದರೆ ಅದು 7.81, ಒಂದೇ ಇದ್ದರೆ 3.84. ನಾಲ್ಕು ಮನೆಯ ಪಟ್ಟಿಯಲ್ಲಿ 5 ಬಂದರೆ ಪಿಯರ್ಸನ್ ಲೆಕ್ಕದಲ್ಲಿ ಸಂಬಂಧಕ್ಕೆ ಪುರಾವೆಯಿಲ್ಲ, ಫಿಷರ್ ಲೆಕ್ಕದಲ್ಲಿ ಇದೆ. ಎರಡು ದಶಕಗಳ ಕಾಲ ಎಷ್ಟು ಪಟ್ಟಿಗಳು ಹೀಗೆ ಕೈತಪ್ಪಿದವೋ.

ನಮ್ಮ ಪಟ್ಟಿಯಲ್ಲಿ ಹಾಗೆ ಅಲುಗಾಡಬಲ್ಲ ಮನೆಗಳು ಎರಡು, ಗಡಿ 5.99. ಬಂದದ್ದು 30.1. ಸಂಬಂಧವೇ ಇಲ್ಲದ ಲೋಕದಲ್ಲಿ ಇಷ್ಟು ದೊಡ್ಡ ಮೊತ್ತ ಆಕಸ್ಮಿಕವಾಗಿ ಬರುವ ಸಾಧ್ಯತೆ ಸುಮಾರು 34 ಲಕ್ಷಕ್ಕೆ ಒಂದು.

ಇಲ್ಲೇ ಹೆಚ್ಚಿನವರು ಎಡವುವುದು. ಇಷ್ಟು ದೊಡ್ಡ ಅಂಕಿ ನೋಡಿ ಸಂಬಂಧವೂ ಬಲವಾಗಿದೆ ಎಂದುಕೊಳ್ಳುತ್ತಾರೆ. ಶೇಕಡಾ ನೋಡಿ: ಹೆಂಗಸರಲ್ಲಿ ನೂರಕ್ಕೆ 48.9 ಡೆಮಾಕ್ರಟ್, ಗಂಡಸರಲ್ಲಿ 40.3. ವ್ಯತ್ಯಾಸ ಇದೆ, ಆದರೆ ಒಬ್ಬ ವ್ಯಕ್ತಿ ಹೆಣ್ಣೆಂದು ತಿಳಿದ ಮಾತ್ರಕ್ಕೆ ಆಕೆಯ ಪಕ್ಷ ಹೇಳಲು ಹೊರಟರೆ ಅರ್ಧಕ್ಕರ್ಧ ತಪ್ಪುತ್ತದೆ. ಕೈ-ವರ್ಗವನ್ನು ಜನರ ಸಂಖ್ಯೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ 0.10 ಬರುತ್ತದೆ. ಇಂಥ ಪಟ್ಟಿಗೆ ಸೊನ್ನೆಯಿಂದ ಒಂದರವರೆಗಿನ ಈ ಅಳತೆಗೆ ಕ್ರಾಮರ್‌ನ ವಿ ಎಂದು ಹೆಸರು, ಅದರಲ್ಲಿ 0.10 ಕ್ಷೀಣವೇ. ಇದೇ ಶೇಕಡಾಗಳು 2757ರ ಬದಲು 276 ಜನರಲ್ಲಿ ಸಿಕ್ಕಿದ್ದರೆ ಕೈ-ವರ್ಗ ಬರೀ 3 ಆಗಿ, ಗಡಿ ದಾಟುತ್ತಲೇ ಇರಲಿಲ್ಲ. ಸಂಬಂಧ ಇದೆ ಎನ್ನಲು ಎಷ್ಟು ಪುರಾವೆ ಇದೆ ಎಂದು ಕೈ-ವರ್ಗ ಹೇಳುತ್ತದೆ. ಸಂಬಂಧ ಎಷ್ಟು ಗಟ್ಟಿ ಎಂಬುದು ಬೇರೆ ಪ್ರಶ್ನೆ.

ಜನ ಜಾಸ್ತಿ ಇದ್ದರೆ ಎಲ್ಲವೂ ಗಡಿ ದಾಟುತ್ತದೆ ಎಂದೂ ಅಲ್ಲ. ಇದೇ ಸಮೀಕ್ಷೆ 1998ರಲ್ಲಿ ಸತ್ತ ಮೇಲೆ ಇನ್ನೊಂದು ಬದುಕಿದೆಯೇ ಎಂದು ಕೇಳಿತ್ತು. 625 ಹೆಂಗಸರಲ್ಲಿ 509 ಜನ, 502 ಗಂಡಸರಲ್ಲಿ 398 ಜನ ಇದೆ ಎಂದರು. ಮೊದಲ ಮನೆಯ ನಿರೀಕ್ಷಿತ ಎಣಿಕೆ 503, ಕಂಡದ್ದು 509. ಕೈ-ವರ್ಗ 0.8, ಗಡಿ 3.84. ಆರು ಜನರ ಈ ವ್ಯತ್ಯಾಸದ ಮೇಲೆ ಯಾರೂ ಲೇಖನ ಬರೆಯಬಾರದು.

ಕಾಲೇಜು ಪ್ರಾಜೆಕ್ಟುಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು, ಮನೆಗಳಲ್ಲಿ ತಲೆಗಳ ಎಣಿಕೆಯ ಬದಲು ಶೇಕಡಾ ತುಂಬುವುದು. ನಮ್ಮ ಪಟ್ಟಿಯ ಆರು ಮನೆಗಳನ್ನು ಒಟ್ಟು ನೂರು ಬರುವಂತೆ ಶೇಕಡಾಕ್ಕೆ ಇಳಿಸಿದರೆ 30.1 ಇದ್ದದ್ದು 1.1ಕ್ಕೆ ಇಳಿಯುತ್ತದೆ, ಯಾಕೆಂದರೆ ಪರೀಕ್ಷೆಗೆ ನೂರೇ ಜನ ಕಾಣುತ್ತಾರೆ. ಇನ್ನೊಂದು, ‘ಅನ್ವಯಿಸುವುದೆಲ್ಲಕ್ಕೂ ಟಿಕ್ ಹಾಕಿ’ ಎಂಬ ಪ್ರಶ್ನೆಗಳನ್ನು ಇಲ್ಲಿಗೆ ತರುವುದು. ಆಗ ಒಬ್ಬನೇ ಮನುಷ್ಯ ಮೂರು ಮನೆಗಳಲ್ಲಿ ಕೂತಿರುತ್ತಾನೆ. ಒಬ್ಬರಿಗೆ ಒಂದೇ ಮನೆ ಎಂಬುದು ಈ ಪರೀಕ್ಷೆಯ ಕರಾರು.

ಸಣ್ಣ ಸಮೀಕ್ಷೆಗಳಲ್ಲಿ ನಿರೀಕ್ಷಿತ ಎಣಿಕೆಯೇ ತೀರ ಕಡಿಮೆಯಾದರೆ ಗಡಿಯ ಅಂಕಿಗಳನ್ನು ನಂಬಲಾಗುವುದಿಲ್ಲ. ಐದರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಮನೆಗಳಲ್ಲಿ ಅದು 5ಕ್ಕಿಂತ ಕಡಿಮೆ ಇರಬಾರದು, ಯಾವ ಮನೆಯಲ್ಲೂ 1ಕ್ಕಿಂತ ಕೆಳಗಿಳಿಯಬಾರದು ಎಂಬ ವಿಲಿಯಂ ಕಾಕ್ರನ್ ಅವರ 1954ರ ಸಲಹೆಯನ್ನು ಈಗಲೂ ಪಾಲಿಸುತ್ತಾರೆ. ನೋಡಬೇಕಾದ್ದು ನಿರೀಕ್ಷಿತ ಎಣಿಕೆಯನ್ನು, ಕಂಡ ಎಣಿಕೆಯನ್ನಲ್ಲ. ಕಂಡದ್ದು ಸೊನ್ನೆಯಾದರೂ ನಿರೀಕ್ಷಿತ 9 ಇದ್ದರೆ ತೊಂದರೆಯಿಲ್ಲ, ಆ ಸೊನ್ನೆಯೇ ಸುದ್ದಿ. ಕಡಿಮೆ ಬಿದ್ದಲ್ಲಿ ಅರ್ಥವಾಗುವಂತೆ ಮನೆಗಳನ್ನು ಕೂಡಿಸಬಹುದು. ‘ಒಪ್ಪುತ್ತೇನೆ’ಯ ಜೊತೆಗೆ ‘ಪೂರ್ತಿ ಒಪ್ಪುತ್ತೇನೆ’ ಸೇರಬಹುದು, ‘ಗೊತ್ತಿಲ್ಲ’ ಸೇರಬಾರದು.

ಕೊನೆಯದು ಹೊರಗೆ ಕಾಣದ ತೊಡಕು. ಸಮೀಕ್ಷೆಯವರು ದೇಶದ ತುಂಬ ಚೆದುರಿದ ಜನರನ್ನು ಒಬ್ಬೊಬ್ಬರಾಗಿ ಆರಿಸುವುದಿಲ್ಲ. ಮೊದಲು ಪ್ರದೇಶ ಆರಿಸಿ, ಅದರೊಳಗೆ ಮನೆಗಳನ್ನು ಆರಿಸುತ್ತಾರೆ. ಒಂದೇ ಬೀದಿಯವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ನೂರು ಉತ್ತರ ಸಿಕ್ಕರೂ ಸ್ವತಂತ್ರವಾದ ಎಪ್ಪತ್ತು ಉತ್ತರಗಳಷ್ಟೇ ಬೆಲೆ ಇರಬಹುದು. ಇದಕ್ಕೆ ತಕ್ಕಂತೆ ಕೈ-ವರ್ಗವನ್ನು ತಗ್ಗಿಸುವ ವಿಧಾನವನ್ನು 1980ರ ದಶಕದಲ್ಲಿ ಜೆ.ಎನ್.ಕೆ. ರಾವ್ ಮತ್ತು ಅಲಸ್ಟೇರ್ ಸ್ಕಾಟ್ ಕೊಟ್ಟರು. ಅದರ ಸರಳ ರೂಪದಲ್ಲಿ ಮೊತ್ತವನ್ನು ಇಂತಿಷ್ಟು ಎಂದು ಭಾಗಿಸುತ್ತಾರೆ. ಆ ಭಾಜಕ 1.5 ಎಂದಿಟ್ಟುಕೊಂಡರೂ ನಮ್ಮ 30.1 ಇಳಿಯುವುದು 20ಕ್ಕೆ, ಗಡಿಯಿಂದ ಇನ್ನೂ ಬಹಳ ಮೇಲೆ. ಅದೇ 7 ಬಂದಿದ್ದ ಪಟ್ಟಿಯೊಂದು 4.7ಕ್ಕೆ ಇಳಿದು 5.99ರ ಕೆಳಗೆ ಜಾರುತ್ತಿತ್ತು.