ಡಿಲೀಟ್ ಮಾಡೋಕೆ ಆಟವೇ ಇರಲಿಲ್ಲ

2017ರ ಆಗಸ್ಟ್ ನೆನಪಿದೆಯಾ? ಟಿವಿ ಹಾಕಿದರೆ ಬ್ಲೂ ವೇಲ್, ವಾಟ್ಸ್‌ಆ್ಯಪ್ ತೆಗೆದರೆ ಬ್ಲೂ ವೇಲ್. ಅದೊಂದು ಆನ್‌ಲೈನ್ ಆಟವಂತೆ, ಐವತ್ತು ದಿನ, ಐವತ್ತು ಟಾಸ್ಕ್, ಕೊನೆಗೆ ಆತ್ಮಹತ್ಯೆ ಅನ್ನೋದು ಎಲ್ಲರಿಗೂ ಬಾಯಿಪಾಠ. ಕೇಂದ್ರ ಸರ್ಕಾರ ಗೂಗಲ್, ಫೇಸ್‌ಬುಕ್‌ಗಳಿಗೆ ಪತ್ರ ಬರೆದು ಆಟದ ಲಿಂಕ್ ತೆಗೆಯಿರಿ ಎಂದಿತು. ತಮಾಷೆ ಅಂದರೆ, ಡೌನ್‌ಲೋಡ್ ಮಾಡಿ ಆಡುವಂಥ ಆಟವೇ ಅದಾಗಿರಲಿಲ್ಲ.

ಇಂಥ ಗಾಬರಿಯನ್ನು ಬಿಡಿಸಿ ನೋಡಿದವರು ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೋಹೆನ್. 1972ರ ಅವರ ಪುಸ್ತಕದಿಂದಲೇ 'ಮಾರಲ್ ಪ್ಯಾನಿಕ್', ಅಂದರೆ ಸಮಾಜಕ್ಕೆ ಹಿಡಿಯುವ ಅಳತೆ ಮೀರಿದ ಗಾಬರಿ, ಅನ್ನೋ ಮಾತು ಹರಡಿತು. ಅವರು ನೋಡಿದ್ದು ವಿಡಿಯೋ ಗೇಮ್ ಅಲ್ಲ, ಸ್ಕೂಟರ್, ಬೈಕ್ ಹುಡುಗರನ್ನು. 1964ರ ಈಸ್ಟರ್‌ನಲ್ಲಿ ಇಂಗ್ಲೆಂಡಿನ ಕ್ಲ್ಯಾಕ್ಟನ್ ಕಡಲತೀರಕ್ಕೆ ಮಾಡ್ಸ್ ಮತ್ತು ರಾಕರ್ಸ್ ಅನ್ನೋ ಎರಡು ಗುಂಪಿನ ಹುಡುಗರು ಬಂದಿದ್ದರು. ಚಳಿ, ಮಳೆ, ಅಂಗಡಿಗಳು ಬಂದ್. ಬೇಜಾರಿಗೆ ಒಂದಿಷ್ಟು ತಳ್ಳಾಟ, ಕಿಟಕಿ ಗಾಜು ಒಡೆದದ್ದು ಎಲ್ಲಾ ಆಯಿತು. ಮರುದಿನದ ಪತ್ರಿಕೆ ಓದಿದವರಿಗೆ ಮಾತ್ರ ಊರಿಗೆ ಊರೇ ದಾಳಿಗೆ ಸಿಕ್ಕಂತೆ ಕಂಡಿತು.

ಕೋಹೆನ್ ಹೇಳುವ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಕೆಲವೇ ವಾರಗಳ ನಂತರ, ಇಂಥದ್ದೇ ಗಲಾಟೆ ನಡೆದ ಮಾರ್ಗೇಟ್ ಊರಿನ ಕೋರ್ಟ್‌ನಲ್ಲಿ ಒಬ್ಬ ಹುಡುಗ, 75 ಪೌಂಡ್ ದಂಡವಾ, ಚೆಕ್ ಕೊಡ್ತೀನಿ ಅಂದ. ನೋಡಿ, ದುಡ್ಡಿನ ಕೊಬ್ಬು ಅಂತ ಆ ಮಾತು ಎಷ್ಟೋ ಕಾಲ ಓಡಾಡಿತು. ಆದರೆ ಅವನ ಹತ್ತಿರ ಅಷ್ಟು ದುಡ್ಡಿರಲಿ, ಬ್ಯಾಂಕ್ ಖಾತೆಯೇ ಇರಲಿಲ್ಲ! ಸುಮ್ನೆ ಜಂಬಕ್ಕೆ ಹೇಳಿದ್ದು.

ಹಾಗಂತ ಏನೂ ನಡೆದಿರಲಿಲ್ಲ ಅಂತ ಕೋಹೆನ್ ಹೇಳಲಿಲ್ಲ. ನಡೆದದ್ದಕ್ಕೂ ಎದ್ದ ಗದ್ದಲಕ್ಕೂ ಅಳತೆ ಕೂಡದಿದ್ದಾಗ, ಒಂದು ಗುಂಪು ಊರಿಗೆಲ್ಲ ಗುಮ್ಮ ಆದಾಗ ಅನುಮಾನಪಡಿ ಅಂದರು ಅಷ್ಟೆ.

ಬ್ಲೂ ವೇಲ್‌ಗೆ ಇದೇ ಅಳತೆ ಹಿಡಿಯೋಣ. ಕಥೆ ದೊಡ್ಡದಾಗಿದ್ದು 2016ರ ಮೇನಲ್ಲಿ, ರಷ್ಯಾದ ನೋವಾಯಾ ಗಜೆಟಾ ಪತ್ರಿಕೆಯ ಒಂದು ವರದಿಯಿಂದ. ಆತ್ಮಹತ್ಯೆ ಮಾಡಿಕೊಂಡ ಸುಮಾರು 130 ಮಕ್ಕಳಲ್ಲಿ ಬಹುತೇಕರು ಒಂದೇ ಬಗೆಯ ಆನ್‌ಲೈನ್ ಗುಂಪುಗಳಲ್ಲಿದ್ದರು ಅನ್ನೋದು ಅದರ ವಾದ. ಗುಂಪು ಸೇರಿದ್ದಕ್ಕೆ ಸತ್ತರಾ, ಇಲ್ಲಾ ಮೊದಲೇ ನೊಂದಿದ್ದ ಮಕ್ಕಳು ಅಂಥ ಗುಂಪು ಹುಡುಕಿಕೊಂಡು ಹೋದರಾ? ಎರಡನೆಯದೂ ಸಾಧ್ಯ ಅಲ್ವಾ? ಟೀಕಾಕಾರರು ಅದನ್ನೇ ಕೇಳಿದರು. ಅಲ್ಲಿ ಒಬ್ಬ ಯುವಕನಿಗೆ ಶಿಕ್ಷೆಯಾಗಿದ್ದು ನಿಜ, ಅದನ್ನು ಮರೆಯಬಾರದು. ಆದರೆ ಜಗತ್ತಿನ ತುಂಬ ಜಾಲ ಹರಡಿದ ಆಟ ಅನ್ನೋದಕ್ಕೆ ಅಷ್ಟು ಸಾಕಾಗಲ್ಲ.

ನಮ್ಮಲ್ಲಿ ಹುಡುಗ ಸತ್ತರೆ ಮೊದಲು ಮೊಬೈಲ್ ನೋಡುತ್ತಿದ್ದರು. ಪರೀಕ್ಷೆ, ಮನೆ, ಖಿನ್ನತೆ ಎಲ್ಲ ಹಿಂದೆ ಸರಿಯಿತು. ಕೊನೆಗೆ 2018ರ ಜನವರಿಯಲ್ಲಿ ಸರ್ಕಾರವೇ ಲೋಕಸಭೆಗೆ ಉತ್ತರ ಕೊಟ್ಟಿತು: ತಜ್ಞರ ಸಮಿತಿ ಪರಿಶೀಲಿಸಿದ ಒಂದೂ ಪ್ರಕರಣದಲ್ಲಿ ಬ್ಲೂ ವೇಲ್‌ನ ಕೈವಾಡ ಸಾಬೀತಾಗಿಲ್ಲ. ಈ ಸುದ್ದಿಗೆ ಆಗಸ್ಟ್‌ನ ಗದ್ದಲದ ಕಾಲು ಭಾಗವೂ ಸಿಕ್ಕ ನೆನಪು ನನಗಿಲ್ಲ.

2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜ್‌ಕೋಟ್ ಪೊಲೀಸರು ಪಬ್‌ಜಿ ಆಡುತ್ತಿದ್ದ ಹುಡುಗರನ್ನು ಬಂಧಿಸಿದರು. ಈ ಸಲ ಆಟವಾದರೂ ನಿಜವಾಗಿ ಇತ್ತು.