ಉಂಗುರದ ಒಳಗಿನ ಆರು ಅಕ್ಷರ: ಆಪ್ ‘ಸರಿ’ ಅಂದರೆ ಮುಗಿಯಿತಾ?

ಚಿನ್ನದಂಗಡಿಯಲ್ಲಿ ಉಂಗುರ ಕೈಗೆ ಬಂದ ಕೂಡಲೇ ಬೆರಳಿಗೆ ಹಾಕಬೇಡಿ. ತಿರುಗಿಸಿ ಒಳಮೈ ನೋಡಿ. ಅಲ್ಲಿ ಲೇಸರ್‌ನಲ್ಲಿ ಕೊರೆದ ಮೂರು ಗುರುತು ಇರಬೇಕು. ಸರಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ತ್ರಿಕೋನದ ಗುರುತು, 22K916 ಥರದ ಶುದ್ಧತೆಯ ಗುರುತು, ಆಮೇಲೆ ಅಕ್ಷರ ಮತ್ತು ಅಂಕಿ ಸೇರಿದ ಆರು ಸ್ಥಾನದ ಒಂದು ಕೋಡ್. ಈ ಮೂರನೆಯದೇ ಎಚ್‌ಯುಐಡಿ, ಮೂರೂ ಸೇರಿದರೆ ಹಾಲ್‌ಮಾರ್ಕ್. ಬರಿಗಣ್ಣಿಗೆ ಸಣ್ಣ ಗೀರಿನಂತೆ ಕಾಣುತ್ತದೆ, ಹಾಗಾಗಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕೇಳಿ. ಹಾಲ್‌ಮಾರ್ಕ್ ಒಡವೆ ಮಾರುವ ಅಂಗಡಿಯಲ್ಲಿ ಅದು ಇರಲೇಬೇಕು, ಸಂಕೋಚ ಪಡುವಂಥದ್ದೇನಿಲ್ಲ.

2021ರ ಜುಲೈಗೆ ಮೊದಲು ಈ ಕೋಡ್ ಇರಲಿಲ್ಲ. ಆಗ ಪರೀಕ್ಷಾ ಕೇಂದ್ರದ ಗುರುತು, ಅಂಗಡಿಯ ಗುರುತು ಇರುತ್ತಿದ್ದವು, ಒಂದೇ ಅಂಗಡಿಯ ನೂರು ಉಂಗುರದ ಮೇಲೂ ಅದೇ ಗುರುತು. ಈಗ ಒಂದೊಂದು ಒಡವೆಗೂ ಬೇರೆ ಬೇರೆ ಕೋಡ್. 2023ರ ಏಪ್ರಿಲ್ 1ರಿಂದ, ಹಾಲ್‌ಮಾರ್ಕ್ ಕಡ್ಡಾಯವಿರುವ ಕಡೆ ಈ ಕೋಡ್ ಇಲ್ಲದ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ, ಕುಂದನ್, ಪೋಲ್ಕಿ ಕೆಲಸದ ಒಡವೆಗಳಿಗೆ ವಿನಾಯ್ತಿ ಇದೆ.

ಸರಿ, ಕೋಡ್ ಸಿಕ್ಕಿತು. ಫೋನಿನಲ್ಲಿ ‘BIS Care’ ಆಪ್ ತೆಗೆದು, ‘Verify HUID’ ಒತ್ತಿ, ಆ ಆರನ್ನೂ ಟೈಪ್ ಮಾಡಿ. ವಿವರ ಬಂದ ಕೂಡಲೇ ಬಹಳ ಜನ "ಹಾಂ, ಬಂತು" ಅಂತ ಫೋನು ಜೇಬಿಗೆ ಹಾಕಿಬಿಡುತ್ತಾರೆ. ಎಡವುವುದು ಇಲ್ಲೇ. ಆಪ್‌ಗೆ ನಿಮ್ಮ ಕೈಯಲ್ಲಿರುವ ಉಂಗುರ ಕಾಣುವುದಿಲ್ಲ. ಇಂಥ ಕೋಡ್ ದಾಖಲೆಯಲ್ಲಿದೆ ಅಂತ ಹೇಳುವುದಷ್ಟೇ ಅದರ ಕೆಲಸ. ಮೋಸ ಮಾಡುವವನು ಅಸಲಿ ಒಡವೆಯೊಂದರ ಕೋಡನ್ನು ನೋಡಿಕೊಂಡು ಅದನ್ನೇ ಕಳಪೆ ಒಡವೆಯ ಮೇಲೆ ಕೊರೆದರೂ ಆಪ್ ಅಸಲಿ ಒಡವೆಯ ವಿವರವನ್ನೇ ತೋರಿಸುತ್ತದೆ.

ಆದ್ದರಿಂದ ಪರದೆಯ ಮೇಲಿನ ಒಂದೊಂದು ಸಾಲನ್ನೂ ಕೈಯಲ್ಲಿರುವ ಒಡವೆಗೆ ಹೋಲಿಸಿ. ನೀವು ಹಿಡಿದಿರುವುದು ಉಂಗುರ, ಆಪ್ ತೋರಿಸುವುದು ಬಳೆ ಅಂದುಕೊಳ್ಳಿ. ಮೊದಲು ಕೋಡನ್ನು ಇನ್ನೊಮ್ಮೆ ಓದಿ, ಸೊನ್ನೆ ಯಾವುದು, ‘O’ ಯಾವುದು ಅಂತ ಗೊಂದಲ ಆಗುವುದುಂಟು. ಆಗಲೂ ಬಳೆ ಅಂತಲೇ ಬಂದರೆ ಆ ಉಂಗುರ ಬೇಡ. ಆಪ್‌ನಲ್ಲಿ 18 ಕ್ಯಾರೆಟ್, ಒಡವೆಯ ಮೇಲೆ 22K916 ಅಂತಿದ್ದರೂ ಅಷ್ಟೇ, ವಾಪಸ್ ಕೊಟ್ಟುಬಿಡಿ. ಹಾಲ್‌ಮಾರ್ಕ್ ಆದ ದಿನಾಂಕ, ಪರೀಕ್ಷೆ ಮಾಡಿದ ಕೇಂದ್ರ ಕೂಡ ಅಲ್ಲಿರುತ್ತವೆ. ಒಡವೆ ವ್ಯಾಪಾರಿಯ ನೋಂದಣಿ ವಿವರ ಮಾತ್ರ ಈ ಅಂಗಡಿಯದ್ದೇ ಆಗಿರಬೇಕು ಅಂತೇನಿಲ್ಲ, ಯಾಕೆಂದರೆ ಸಗಟು ವ್ಯಾಪಾರಿಯೇ ಹಾಲ್‌ಮಾರ್ಕ್ ಮಾಡಿಸಿ ಅಂಗಡಿಗೆ ಕೊಟ್ಟಿರಬಹುದು. ಅದನ್ನು ನೋಡಿ ಗಾಬರಿಯಾಗಬೇಡಿ, ಎಲ್ಲಿಂದ ತಂದಿರಿ ಅಂತ ಕೇಳಿ.

ನಕಲು ಮಾಡುವವನು ಜಾಣನಾಗಿದ್ದರೆ ಉಂಗುರದ ಕೋಡನ್ನು ಉಂಗುರಕ್ಕೇ ಹಾಕುತ್ತಾನೆ, ಅಲ್ವಾ? ಆಗ ಎಲ್ಲ ಸಾಲೂ ತಾಳೆಯಾಗುತ್ತದೆ, ಆಪ್ ಕೈಚೆಲ್ಲುತ್ತದೆ. ಮುಂದಿನ ದಾರಿ ಲೋಹವನ್ನೇ ಪರೀಕ್ಷಿಸುವುದು. ಅಂಗಡಿಯ ಎಕ್ಸ್‌ಆರ್‌ಎಫ್ ಯಂತ್ರ ಎಕ್ಸ್ ಕಿರಣ ಬಿಟ್ಟು ಕ್ಷಣದಲ್ಲಿ ಶುದ್ಧತೆ ಹೇಳುತ್ತದೆ. ಆದರೆ ಅದಕ್ಕೆ ಕಾಣುವುದು ಮೇಲಿನ ತೆಳು ಪದರ ಮಾತ್ರ, ದಪ್ಪ ಲೇಪ ಇದ್ದರೆ ಏಮಾರುತ್ತದೆ. ನಿಖರ ಉತ್ತರ ಬೇಕಾದರೆ ಬೆಂಕಿಯ ಪರೀಕ್ಷೆಯೇ ಆಗಬೇಕು. ಒಡವೆಯಿಂದ ಚೂರು ಲೋಹ ತೆಗೆದು ತೂಗಿ, ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ ಕುಲುಮೆಗೆ ಇಡುತ್ತಾರೆ. ತಾಮ್ರದಂಥ ಕಲಬೆರಕೆ ಲೋಹವೆಲ್ಲ ಸೀಸದ ಜೊತೆ ಸೇರಿ, ಕೆಳಗಿರುವ ಪುಟ್ಟ ಬಟ್ಟಲಿನೊಳಗೆ ಹೀರಿಹೋಗುತ್ತದೆ. ಉಳಿದ ಗುಂಡಿನಿಂದ ಬೆಳ್ಳಿಯನ್ನು ನೈಟ್ರಿಕ್ ಆಮ್ಲ ಕರಗಿಸಿಬಿಡುತ್ತದೆ. ಕೊನೆಗೆ ಉಳಿಯುವುದು ಬರೀ ಚಿನ್ನ, ಅದನ್ನು ತೂಗಿದರೆ ಲೆಕ್ಕ ಸಿಕ್ಕಿತು.

ಬಿಐಎಸ್ ಮಾನ್ಯತೆಯ ಪರೀಕ್ಷಾ ಕೇಂದ್ರಕ್ಕೆ ಗ್ರಾಹಕರೂ ಒಡವೆ ಕೊಟ್ಟು, ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಕೊಂಡ ಮೇಲೆ ಅನುಮಾನ ಬಂದರೆ ಇದೇ ದಾರಿ, ಮತ್ತು ಆಗ ಬಿಲ್ ಕೈಯಲ್ಲಿರಬೇಕು. ಒಡವೆ ಯಾವುದು, ನಿವ್ವಳ ತೂಕ ಎಷ್ಟು, ಎಷ್ಟು ಕ್ಯಾರೆಟ್, ಹಾಲ್‌ಮಾರ್ಕ್ ಶುಲ್ಕ ಎಷ್ಟು ಅಂತ ಬಿಡಿಬಿಡಿಯಾಗಿ ಬರೆದ ಬಿಲ್ಲು. ಸುಮ್ನೆ "ಉಂಗುರ 1" ಅಂತ ಗೀಚಿದ ಚೀಟಿ ಉಪಯೋಗಕ್ಕೆ ಬರಲ್ಲ.

ಯಾಕೆ ಅಂತ ಲೆಕ್ಕ ಹಾಕೋಣ. 916 ಅಂದರೆ ಸಾವಿರಕ್ಕೆ 916 ಪಾಲು ಚಿನ್ನ. 10 ಗ್ರಾಂ ಉಂಗುರವನ್ನು 916 ಅಂತ ಮಾರಿದರು, ಪರೀಕ್ಷೆಯಲ್ಲಿ 750 ಬಂತು. ಕೊರತೆ 166 ಪಾಲು, ಅಂದರೆ 10 ಗ್ರಾಂನಲ್ಲಿ 1.66 ಗ್ರಾಂ ಚಿನ್ನವೇ ಇಲ್ಲ. ಲೆಕ್ಕಕ್ಕೆ ಸುಲಭವಾಗಲಿ ಅಂತ ಅಪ್ಪಟ ಚಿನ್ನ ಗ್ರಾಂಗೆ 10,000 ರೂಪಾಯಿ ಅಂತಿಟ್ಟುಕೊಂಡರೆ ನಷ್ಟ 16,600. ಬಿಐಎಸ್ ನಿಯಮದ ಪ್ರಕಾರ ಹಾಲ್‌ಮಾರ್ಕ್ ಒಡವೆಯಲ್ಲಿ ಹೀಗೆ ಕೊರತೆ ಕಂಡರೆ ಅದರ ಎರಡರಷ್ಟು, ಅಂದರೆ 33,200 ರೂಪಾಯಿ, ಜೊತೆಗೆ ಪರೀಕ್ಷೆಯ ಖರ್ಚು ಕೂಡ ನಿಮಗೆ ಸಿಗಬೇಕು. ದೂರು ಕೊಡುವುದಕ್ಕೂ ಅದೇ ಆಪ್‌ನಲ್ಲಿ ಜಾಗ ಇದೆ.